ಡಿಕೆಎ ಮತ್ತು ಎಚ್‌ಎಚ್‌ಎಸ್: ಡ್ರಿಪ್ ಎಷ್ಟು, ಯಾವ ವೇಗದಲ್ಲಿ, ಗಂಟೆಗೊಮ್ಮೆ ಏನು ನೋಡಬೇಕು

ಕ್ಯಾಶುವಾಲ್ಟಿಗೆ ಬಂದ ರೋಗಿಯ ಬೆರಳು ಚುಚ್ಚಿದಾಗ ಗ್ಲೂಕೋಮೀಟರ್ "HI" ಎಂದು ತೋರಿಸುತ್ತದೆ. ಅಂದರೆ ಸಕ್ಕರೆ ಮೀಟರ್‌ನ ಅಳತೆ ಮೀರಿದೆ. ಎಷ್ಟು ಮೀರಿದೆ ಎಂದು ಅದು ಹೇಳುವುದಿಲ್ಲ. ಇದು ಡಿಕೆಎಯೋ (ಡಯಾಬಿಟಿಕ್ ಕೀಟೋಅಸಿಡೋಸಿಸ್), ಎಚ್‌ಎಚ್‌ಎಸ್ಸೋ (ಹೈಪರ್‌ಆಸ್ಮೋಲಾರ್ ಹೈಪರ್‌ಗ್ಲೈಸೆಮಿಕ್ ಸ್ಟೇಟ್) ಅನ್ನುವುದಂತೂ ಅದಕ್ಕೆ ಗೊತ್ತೇ ಇಲ್ಲ. ಎರಡಕ್ಕೂ ಮೊದಲ ಬಾಟಲಿ ಎನ್‌ಎಸ್ಸೇ. ದಾರಿ ಬೇರೆಯಾಗುವುದು ಆಮೇಲೆ.

ಈ ಬರಹ ವಾರ್ಡ್ ಮತ್ತು ಐಸಿಯುನಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ, ನರ್ಸಿಂಗ್ ವಿದ್ಯಾರ್ಥಿಗಳಿಗೆ. ಇಲ್ಲಿರುವುದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ ಡ್ರಿಪ್‌ನ ಲೆಕ್ಕವೇ ಬೇರೆ. ಡೋಸ್ ಬರೆಯುವುದು ಡಾಕ್ಟರ್, ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಇದ್ದರೆ ಅದೇ ಅಂತಿಮ. ಆದರೆ ರಾತ್ರಿ 3 ಗಂಟೆಗೆ ಆ ಆರ್ಡರ್ ರೋಗಿಯ ಮೈಮೇಲೆ ಹೇಗೆ ನಡೆಯುತ್ತಿದೆ ಎಂದು ನೋಡುವವರು ನೀವೇ. ಹಾಗಾಗಿ ಅಂಕಿಗಳ ಹಿಂದಿನ ಕಾರಣ ನಿಮಗೂ ಗೊತ್ತಿರಬೇಕು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು. ಎರಡು ಕಾಯಿಲೆಯಲ್ಲೂ ಸಕ್ಕರೆ ಇಳಿಸುವುದು ಮುಖ್ಯ ಗುರಿ ಅಲ್ಲ. ಡಿಕೆಎಯಲ್ಲಿ ಆಸಿಡ್ ಹೋಗಬೇಕು. ಎಚ್‌ಎಚ್‌ಎಸ್‌ನಲ್ಲಿ ರಕ್ತದ ಆಸ್ಮೊಲಾಲಿಟಿ ನಿಧಾನವಾಗಿ ಇಳಿಯಬೇಕು.

ಮೊದಲ ಹೆಜ್ಜೆ: ಯಾವುದು ಎಂದು ಗುರುತಿಸುವುದು

ಎರಡು ಬೆಡ್ ಇಟ್ಟುಕೊಂಡು ನೋಡೋಣ. ಇವರಿಬ್ಬರೂ ಲೆಕ್ಕ ತಿಳಿಸಲು ನಾನು ಕಟ್ಟಿದ ಉದಾಹರಣೆಗಳು.

ಬೆಡ್ 1ರಲ್ಲಿ 22 ವರ್ಷದ ಹುಡುಗ, ತೂಕ 50 ಕೆಜಿ. ಟೈಪ್ 1 ಡಯಾಬಿಟಿಸ್. ಜ್ವರ ಬಂತು, ಊಟ ಸೇರಲಿಲ್ಲ, "ಊಟನೇ ಮಾಡ್ತಿಲ್ಲ, ಇನ್ಸುಲಿನ್ ಯಾಕೆ" ಎಂದು ಎರಡು ದಿನ ಇನ್ಸುಲಿನ್ ಬಿಟ್ಟ. ಈಗ ವಾಂತಿ, ಹೊಟ್ಟೆನೋವು. ಉಸಿರು ನಿಮಿಷಕ್ಕೆ 32, ಆಳವಾಗಿ ಎಳೆದು ಬಿಡುತ್ತಿದ್ದಾನೆ. ಸಕ್ಕರೆ 420. ಪಿಎಚ್ 7.12, ಬೈಕಾರ್ಬೊನೇಟ್ 8, ರಕ್ತದ ಕೀಟೋನ್ 5.8.

ಬೆಡ್ 2ರಲ್ಲಿ 70 ವರ್ಷದ ಅಜ್ಜಿ, ತೂಕ 60 ಕೆಜಿ. ಟೈಪ್ 2. ಒಂದು ವಾರದಿಂದ ಪದೇಪದೇ ಮೂತ್ರ, ಸುಸ್ತು. ಎರಡು ದಿನದಿಂದ ಮಂಕು, ಮಾತು ತೊದಲು. ಮನೆಯವರು ಪಾರ್ಶ್ವವಾಯು ಎಂದು ಹೆದರಿ ಕರೆತಂದಿದ್ದಾರೆ. ಸಕ್ಕರೆ 900. ಪಿಎಚ್ 7.34, ಬೈಕಾರ್ಬೊನೇಟ್ 20, ಕೀಟೋನ್ 1.0.

ಹುಡುಗನ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತಿದೆ. ಕೀಟೋನ್ ಅಂದರೆ ಆಸಿಡ್. ಅದನ್ನು ಹೊರಹಾಕಲೆಂದೇ ಅವನು ಅಷ್ಟು ಜೋರಾಗಿ ಉಸಿರಾಡುತ್ತಿರುವುದು. ಒಂದೆರಡು ದಿನದಲ್ಲೇ ಪರಿಸ್ಥಿತಿ ಕೆಟ್ಟುಬಿಡುತ್ತದೆ. ಅಜ್ಜಿಗೆ ಇನ್ಸುಲಿನ್ ಸ್ವಲ್ಪ ಇದೆ. ಕೊಬ್ಬು ಕರಗದಂತೆ ತಡೆಯಲು ಅಷ್ಟು ಸಾಕು, ಸಕ್ಕರೆ ಇಳಿಸಲು ಸಾಲದು. ಆಸಿಡ್ ಇಲ್ಲವಾದ್ದರಿಂದ ವಾಂತಿ, ಏದುಸಿರು ಏನೂ ಕಾಣಲಿಲ್ಲ. ಮೂತ್ರದಲ್ಲಿ ನೀರು ಹೋಗುತ್ತಲೇ ಇತ್ತು. ಯಾರಿಗೂ ಗೊತ್ತಾಗದೆ ವಾರವಿಡೀ ಒಣಗಿದ್ದಾರೆ.

2024ರಲ್ಲಿ ಅಮೆರಿಕ ಮತ್ತು ಯುರೋಪಿನ ಡಯಾಬಿಟಿಸ್ ಸಂಘಗಳು ಸೇರಿ ಹೊರತಂದ ಒಮ್ಮತದ ವರದಿಯ ಪ್ರಕಾರ ಡಿಕೆಎಗೆ ಮೂರೂ ಬೇಕು. ಸಕ್ಕರೆ 200 ಅಥವಾ ಮೇಲೆ, ಇಲ್ಲವೇ ಮೊದಲೇ ಡಯಾಬಿಟಿಸ್ ಇರುವುದು, ರಕ್ತದ ಕೀಟೋನ್ 3 ಅಥವಾ ಮೇಲೆ, ಪಿಎಚ್ 7.3ಕ್ಕಿಂತ ಕಡಿಮೆ ಅಥವಾ ಬೈಕಾರ್ಬೊನೇಟ್ 18ಕ್ಕಿಂತ ಕಡಿಮೆ. ಎಚ್‌ಎಚ್‌ಎಸ್‌ಗೆ ಸಕ್ಕರೆ 600 ಅಥವಾ ಮೇಲೆ, ಎಫೆಕ್ಟಿವ್ ಆಸ್ಮೊಲಾಲಿಟಿ 300ಕ್ಕಿಂತ ಜಾಸ್ತಿ, ಜೊತೆಗೆ ಹೇಳಿಕೊಳ್ಳುವಷ್ಟು ಆಸಿಡ್ ಆಗಲಿ ಕೀಟೋನ್ ಆಗಲಿ ಇರಬಾರದು.

"ಮೊದಲೇ ಡಯಾಬಿಟಿಸ್ ಇರುವುದು" ಅನ್ನುವ ಮಾತನ್ನು ಗಮನಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಗರ್ಭಿಣಿಯರಲ್ಲಿ ಸಕ್ಕರೆ 180 ಇದ್ದರೂ ಡಿಕೆಎ ಇರಬಹುದು. ಡಯಾಬಿಟಿಸ್ ಇರುವವರು ವಾಂತಿ, ಏದುಸಿರು ಎಂದು ಬಂದರೆ ಸಕ್ಕರೆ ಚೆನ್ನಾಗಿದೆ ಎಂದು ಸುಮ್ನೆ ಬಿಡಬೇಡಿ. ಕೀಟೋನ್ ನೋಡಿ. ಮನೆಯವರು ತಂದ ಮಾತ್ರೆ ಚೀಟಿಯನ್ನೂ ಒಮ್ಮೆ ಓದಿ. ಎರಡೂ ಕಾಯಿಲೆ ಒಟ್ಟಿಗೇ ಇರುವ ರೋಗಿಗಳೂ ಬರುತ್ತಾರೆ ಅನ್ನುವುದು ನೆನಪಿರಲಿ.

ಎರಡು ಲೆಕ್ಕ ಕಲಿತುಕೊಳ್ಳಿ

ಕ್ಯಾಲ್ಕುಲೇಟರ್ ಇದ್ದರೆ ಅರ್ಧ ನಿಮಿಷದ ಕೆಲಸ. ಲ್ಯಾಬ್ ರಿಪೋರ್ಟ್ ಬಂದಾಗಲೆಲ್ಲ ಮಾಡಿ, ಚಾರ್ಟ್‌ನಲ್ಲಿ ಬರೆಯಿರಿ.

ಆನಯಾನ್ ಗ್ಯಾಪ್ = ಸೋಡಿಯಂ − (ಕ್ಲೋರೈಡ್ + ಬೈಕಾರ್ಬೊನೇಟ್)

ಎಫೆಕ್ಟಿವ್ ಆಸ್ಮೊಲಾಲಿಟಿ = (2 × ಸೋಡಿಯಂ) + (ಸಕ್ಕರೆ ÷ 18)

ಹುಡುಗನ ಸೋಡಿಯಂ 131, ಕ್ಲೋರೈಡ್ 96, ಬೈಕಾರ್ಬೊನೇಟ್ 8. ಗ್ಯಾಪ್ 27. ಸಾಮಾನ್ಯವಾಗಿ 12ರ ಒಳಗೆ ಇರಬೇಕಾದದ್ದು. ಆಸ್ಮೊಲಾಲಿಟಿ ಸುಮಾರು 285, ಅದರಲ್ಲಿ ತೊಂದರೆ ಇಲ್ಲ.

ಅಜ್ಜಿಯ ಸೋಡಿಯಂ 146, ಸಕ್ಕರೆ 900. 292ಕ್ಕೆ 50 ಸೇರಿಸಿದರೆ 342. ಅವರು ಮಂಕಾಗಿರುವುದಕ್ಕೆ ಈ 342 ಸಾಕಷ್ಟು ಕಾರಣ. ಆಸ್ಮೊಲಾಲಿಟಿ ಇಷ್ಟು ಏರದೆಯೇ ರೋಗಿ ಮಂಕಾಗಿದ್ದರೆ ಬೇರೆ ಕಾರಣ ಹುಡುಕಬೇಕು. ನಿಜವಾಗಿಯೂ ಪಾರ್ಶ್ವವಾಯು ಇರಬಹುದು, ಸೋಂಕು ಮೆದುಳಿಗೆ ಏರಿರಬಹುದು. ಡಾಕ್ಟರಿಗೆ ಹೇಳಿ.

ಡ್ರಿಪ್: ಬೆಡ್ 1

ಡಿಕೆಎಯಲ್ಲಿ ದೇಹ ಕಳೆದುಕೊಂಡ ನೀರು ಕೆಜಿಗೆ ಸುಮಾರು 100 ಎಂಎಲ್. ಈ ಹುಡುಗನಿಗೆ 5 ಲೀಟರ್. ದಪ್ಪನೆಯ ಕ್ಯಾನುಲಾ ಎರಡು ಹಾಕಿ. ಒಂದು ಡ್ರಿಪ್‌ಗೆ, ಇನ್ನೊಂದು ಇನ್ಸುಲಿನ್‌ಗೆ. ಮೊದಲ ಗಂಟೆ 1 ಲೀಟರ್ ಎನ್‌ಎಸ್, ನಂತರ ಮೂರು ಗಂಟೆ ಗಂಟೆಗೆ 500 ಎಂಎಲ್, ಆಮೇಲೆ 250 ಎಂಬ ಆರ್ಡರ್ ಇಲ್ಲಿ ಬಂದಿದೆ. ಹೃದಯ ಅಥವಾ ಕಿಡ್ನಿ ದುರ್ಬಲ ಇರುವವರಿಗೆ 250 ಎಂಎಲ್‌ನಂತೆ ಕೊಟ್ಟು, ಪ್ರತಿ ಸಲ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಮುಂದುವರಿಯುತ್ತಾರೆ.

ಪಂಪ್ ಇಲ್ಲದ ಕಡೆ ಗಂಟೆಗೆ 500 ಎಂಎಲ್ ಹೇಗೆ ಹಾಕುವುದು? 1 ಎಂಎಲ್‌ಗೆ 20 ಹನಿ ಬೀಳುವ ಸೆಟ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 167 ಹನಿ. ಎಣಿಸೋಕೆ ಆಗಲ್ಲ. ಬಾಟಲಿಯ ಮೇಲೆ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ. 500 ಎಂಎಲ್ ಬಾಟಲಿಯಲ್ಲಿ 250ರ ಗೆರೆಯ ಎದುರು "4:30", ತಳದಲ್ಲಿ "5:00" ಎಂದು ಪೆನ್ನಿನಲ್ಲಿ ಬರೆಯಿರಿ. ದೂರದಿಂದಲೇ ಗೊತ್ತಾಗುತ್ತದೆ, ಡ್ರಿಪ್ ಹಿಂದೆ ಬಿದ್ದಿದೆಯೋ ಮುಂದೆ ಓಡಿದೆಯೋ ಅಂತ.

ಪೊಟ್ಯಾಶಿಯಂ ನೋಡದೆ ಇನ್ಸುಲಿನ್ ಶುರು ಮಾಡಬೇಡಿ

ಇನ್ಸುಲಿನ್ ಸಕ್ಕರೆಯ ಜೊತೆ ಪೊಟ್ಯಾಶಿಯಂ ಅನ್ನೂ ಜೀವಕೋಶದ ಒಳಗೆ ತಳ್ಳುತ್ತದೆ. ಮೂತ್ರದಲ್ಲಿ, ವಾಂತಿಯಲ್ಲಿ ಪೊಟ್ಯಾಶಿಯಂ ಆಗಲೇ ಬೇಕಾದಷ್ಟು ಹೋಗಿದೆ. ರಿಪೋರ್ಟ್‌ನಲ್ಲಿ 5.2 ಕಂಡರೂ ದೇಹದ ಒಟ್ಟು ಲೆಕ್ಕದಲ್ಲಿ ಕೊರತೆಯೇ. ಇನ್ಸುಲಿನ್ ಶುರುವಾದ ಮೇಲೆ ಅದು ಸರ್ರನೆ ಇಳಿದು ಹೃದಯದ ಬಡಿತ ತಪ್ಪಬಹುದು.

3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ನಿಲ್ಲಿಸಿಕೊಂಡು ಮೊದಲು ಪೊಟ್ಯಾಶಿಯಂ ಕೊಡುತ್ತಾರೆ. 3.5ರಿಂದ 5 ಇದ್ದರೆ ಇನ್ಸುಲಿನ್ ಜೊತೆಗೇ ಲೀಟರಿಗೆ 10ರಿಂದ 20 ಮಿಲಿಮೋಲ್ ಸೇರಿಸುತ್ತಾರೆ. 5ಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ ಬೇಡ, ಎರಡು ಗಂಟೆಗೊಮ್ಮೆ ಪರೀಕ್ಷೆ. ಮೂತ್ರ ಬರುತ್ತಿದೆ ಎಂದು ಖಚಿತವಾಗದೆ ಪೊಟ್ಯಾಶಿಯಂ ಸೇರಿಸಬಾರದು.

ನಮ್ಮಲ್ಲಿ ಸಿಗುವ 15% ಕೆಸಿಎಲ್‌ನ 10 ಎಂಎಲ್ ಆಂಪ್ಯೂಲ್‌ನಲ್ಲಿ 20 ಮಿಲಿಮೋಲ್ ಇರುತ್ತದೆ. ಲೀಟರಿಗೆ 20 ಅಂದರೆ 500 ಎಂಎಲ್ ಬಾಟಲಿಗೆ 5 ಎಂಎಲ್. ನೇರವಾಗಿ ರಕ್ತನಾಳಕ್ಕೆ ಎಂದೂ ಕೊಡಬಾರದು, ಹೃದಯ ನಿಂತುಹೋಗುತ್ತದೆ. ತೂಗುಹಾಕಿದ ಬಾಟಲಿಗೇ ಸೂಜಿ ಚುಚ್ಚಿ ಸೇರಿಸಬೇಡಿ. ಕೆಸಿಎಲ್ ತಳದಲ್ಲೇ ನಿಂತು ಮೊದಲು ಅದೇ ಒಳಗೆ ಹೋಗುತ್ತದೆ. ಬಾಟಲಿ ಇಳಿಸಿ, ಸೇರಿಸಿ, ಹತ್ತು ಸಲ ಬುಡಮೇಲು ಮಾಡಿ, ಲೇಬಲ್ ಹಚ್ಚಿ, ಆಮೇಲೆ ತೂಗುಹಾಕಿ. ಕೈಯ ಸಾಮಾನ್ಯ ಕ್ಯಾನುಲಾದಲ್ಲಿ ಗಂಟೆಗೆ 10 ಮಿಲಿಮೋಲ್ ದಾಟದಂತೆ ನೋಡಿಕೊಳ್ಳಿ.

ಮನೆಯವರು ಪ್ರೀತಿಯಿಂದ ಎಳನೀರು ತಂದಿರುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸಕ್ಕರೆಯೂ ಇದೆ. ಈಗ ಬೇಡ ಎಂದು ಕಾರಣ ಹೇಳಿ ತಿಳಿಸಿ, ಗದರಬೇಡಿ.

ಇನ್ಸುಲಿನ್ ತುಂಬುವಾಗ

ಹುಡುಗನಿಗೆ ಕೆಜಿಗೆ 0.1 ಯೂನಿಟ್, ಅಂದರೆ ಗಂಟೆಗೆ 5 ಯೂನಿಟ್ ರೆಗ್ಯುಲರ್ ಇನ್ಸುಲಿನ್. 50 ಯೂನಿಟ್‌ಗೆ ಎನ್‌ಎಸ್ ಸೇರಿಸಿ ಒಟ್ಟು 50 ಎಂಎಲ್ ಮಾಡಿದರೆ 1 ಎಂಎಲ್‌ನಲ್ಲಿ 1 ಯೂನಿಟ್. ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 5 ಎಂಎಲ್.

ನಮ್ಮ ದೇಶದಲ್ಲಿ 1 ಎಂಎಲ್‌ಗೆ 40 ಯೂನಿಟ್ ಇರುವ ವಯಲ್ಲೂ ಇದೆ, 100 ಯೂನಿಟ್ ಇರುವುದೂ ಇದೆ. 50 ಯೂನಿಟ್ ಬೇಕಾದರೆ ಮೊದಲನೆಯದರಲ್ಲಿ 1.25 ಎಂಎಲ್, ಎರಡನೆಯದರಲ್ಲಿ 0.5 ಎಂಎಲ್. 40ರ ವಯಲ್‌ಗೆ ಕೆಂಪು ಕ್ಯಾಪ್ ಸಿರಿಂಜ್, 100ರದಕ್ಕೆ ಕಿತ್ತಳೆ ಕ್ಯಾಪ್. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚು ಅಥವಾ ಕಡಿಮೆ ಆಗುತ್ತದೆ. ವಯಲ್ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ, ಪಕ್ಕದ ಸಿಸ್ಟರ್‌ಗೂ ತೋರಿಸಿ.

ಇನ್ನೊಂದು ವಿಷಯ. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬ್‌ನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಹೊಸ ಲೈನ್ ಜೋಡಿಸುವ ಮೊದಲು ಅದೇ ದ್ರಾವಣದಲ್ಲಿ 20 ಎಂಎಲ್ ಹರಿಸಿ ಚೆಲ್ಲಿ. ಇಲ್ಲದಿದ್ದರೆ ಮೊದಲ ಗಂಟೆಗಳಲ್ಲಿ ರೋಗಿಗೆ ಬರೆದಷ್ಟು ಇನ್ಸುಲಿನ್ ಸಿಗುವುದೇ ಇಲ್ಲ.

ನಾಲ್ಕನೇ ಗಂಟೆ: ಎಲ್ಲರೂ ಎಡವುವ ಜಾಗ

ಹುಡುಗನ ಸಕ್ಕರೆ ಗಂಟೆಗೆ 50ರಿಂದ 75ರವರೆಗೆ ಇಳಿದರೆ ಸರಿ. ನಾಲ್ಕು ಗಂಟೆಗೆ 220ಕ್ಕೆ ಬಂತು ಅನ್ನಿ. ಸೋಡಿಯಂ 136, ಕ್ಲೋರೈಡ್ 105, ಬೈಕಾರ್ಬೊನೇಟ್ 13. ಗ್ಯಾಪ್ ಇನ್ನೂ 18. ಆಸಿಡ್ ಹೋಗಿಲ್ಲ. ಈಗ ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್ ಮತ್ತೆ ಏರುತ್ತದೆ, ಎರಡು ಮೂರು ಗಂಟೆಯಲ್ಲಿ ಉಸಿರು ಮತ್ತೆ ಜೋರಾಗುತ್ತದೆ.

ಸಕ್ಕರೆ 250ಕ್ಕಿಂತ ಕೆಳಗೆ ಬಂದಾಗ ಮಾಡುವುದು ಹೀಗೆ: ಎನ್‌ಎಸ್ ಬದಲು ಡಿಎನ್‌ಎಸ್, ಅಥವಾ ಎನ್‌ಎಸ್ ಜೊತೆಗೆ 10% ಡೆಕ್ಸ್‌ಟ್ರೋಸ್. ಇನ್ಸುಲಿನ್ ಅರ್ಧಕ್ಕೆ, ಗಂಟೆಗೆ 2.5 ಯೂನಿಟ್. ಆಗ ಹುಡುಗನ ಅಮ್ಮ ಕೇಳೇ ಕೇಳುತ್ತಾರೆ, "ಸಿಸ್ಟರ್, ಸಕ್ಕರೆ ಇಳೀತಲ್ಲ, ಮತ್ತೆ ಯಾಕೆ ಗ್ಲೂಕೋಸ್ ಹಾಕ್ತೀರಿ?" ಒಳ್ಳೆ ಪ್ರಶ್ನೆ ಅಲ್ವಾ? "ಆಸಿಡ್ ಹೋಗೋಕೆ ಇನ್ಸುಲಿನ್ ಇನ್ನೂ ಬೇಕಮ್ಮ. ಇನ್ಸುಲಿನ್ ಕೊಡೋವಾಗ ಸಕ್ಕರೆ ಜಾಸ್ತಿ ಇಳಿದುಹೋಗಬಾರದು ಅಂತ ಗ್ಲೂಕೋಸ್." ಇಷ್ಟು ಹೇಳಿದರೆ ಅವರಿಗೆ ಸಮಾಧಾನ.

ಸಕ್ಕರೆ ಪರೀಕ್ಷೆಗೆ ಗ್ಲೂಕೋಸ್ ಡ್ರಿಪ್ ಹೋಗುತ್ತಿರುವ ಕೈಯನ್ನು ಬಿಟ್ಟು ಇನ್ನೊಂದು ಕೈಯ ಬೆರಳು ಚುಚ್ಚಿ. ರಕ್ತದ ಸ್ಯಾಂಪಲ್ಲೂ ಆ ಕೈಯಿಂದ ಬೇಡ.

ಮೂತ್ರದ ಕೀಟೋನ್ ಪಟ್ಟಿಯನ್ನು ಚಿಕಿತ್ಸೆಯ ನಡುವೆ ನಂಬಬೇಡಿ. ಅದು ಅಸಿಟೋಅಸಿಟೇಟ್ ಅನ್ನು ಮಾತ್ರ ತೋರಿಸುತ್ತದೆ. ಡಿಕೆಎಯಲ್ಲಿ ಮುಖ್ಯವಾಗಿ ಇರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಗುಣವಾಗುತ್ತಾ ಹೋದಂತೆ ಅದು ಅಸಿಟೋಅಸಿಟೇಟ್ ಆಗಿ ಬದಲಾಗುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಪಟ್ಟಿಯ ಬಣ್ಣ ಗಾಢವಾಗಬಹುದು. ರಕ್ತದ ಕೀಟೋನ್ ಮೀಟರ್ ಇಲ್ಲದಿದ್ದರೆ ಗ್ಯಾಪ್, ಬೈಕಾರ್ಬೊನೇಟ್ ನೋಡಿಕೊಂಡು ಹೋಗಿ.

ಉಸಿರಿನ ಲೆಕ್ಕವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 32 ಇದ್ದದ್ದು 20ಕ್ಕೆ ಬಂತು, ಹುಡುಗ ಕಣ್ಣು ಬಿಟ್ಟು ಮಾತಾಡುತ್ತಿದ್ದಾನೆ ಅಂದರೆ ಆಸಿಡ್ ಕಡಿಮೆಯಾಗಿದೆ. ಉಸಿರು 20ಕ್ಕೆ ಬಂತು, ಆದರೆ ಅವನು ಮಂಪರಿನಲ್ಲಿದ್ದಾನೆ ಅಂದರೆ ಅದು ಗುಣ ಅಲ್ಲ. ಉಸಿರಾಡಿ ಸೋತಿದ್ದಾನೆ ಅಥವಾ ಮೆದುಳಿಗೆ ಬಾವು ಬರುತ್ತಿದೆ. ತಲೆನೋವು, ಮತ್ತೆ ಶುರುವಾದ ವಾಂತಿ, ನಾಡಿ ನಿಧಾನವಾಗಿ ಬಿಪಿ ಏರುವುದು, ಇವು ಕಂಡರೆ ತಲೆಭಾಗ ಎತ್ತರಿಸಿ, ಆ ಕ್ಷಣವೇ ಡಾಕ್ಟರನ್ನು ಕರೆಯಿರಿ. ಸಣ್ಣ ವಯಸ್ಸಿನವರಲ್ಲಿ ಈ ಅಪಾಯ ಜಾಸ್ತಿ.

ಬೆಡ್ 2: ಇಲ್ಲಿ ಅವಸರ ಬೇಡ

ಅಜ್ಜಿ ಕಳೆದುಕೊಂಡಿರುವುದು ಕೆಜಿಗೆ 100ರಿಂದ 200 ಎಂಎಲ್, ಅಂದರೆ 6ರಿಂದ 12 ಲೀಟರ್. ಆದರೂ ಬೇಗ ಬೇಗ ತುಂಬಿಸುವ ಹಾಗಿಲ್ಲ. ಒಂದು ವಾರದಲ್ಲಿ ಮೆದುಳಿನ ಜೀವಕೋಶಗಳು ಈ ಗಟ್ಟಿಯಾದ ರಕ್ತಕ್ಕೆ ಹೊಂದಿಕೊಂಡುಬಿಟ್ಟಿವೆ. ರಕ್ತ ಒಮ್ಮೆಲೇ ತಿಳಿಯಾದರೆ ನೀರು ಆ ಜೀವಕೋಶಗಳ ಒಳಗೆ ನುಗ್ಗುತ್ತದೆ, ಮೆದುಳು ಊದಿಕೊಳ್ಳುತ್ತದೆ. ಹಾಗಾಗಿ ಆಸ್ಮೊಲಾಲಿಟಿ ಗಂಟೆಗೆ 3ರಿಂದ 8ರಷ್ಟು ಮಾತ್ರ ಇಳಿಯಬೇಕು. ಸಕ್ಕರೆ ಗಂಟೆಗೆ 90ರಿಂದ 120ಕ್ಕಿಂತ ವೇಗವಾಗಿ ಇಳಿಯಬಾರದು. ಸೋಡಿಯಂ 24 ಗಂಟೆಯಲ್ಲಿ 10ಕ್ಕಿಂತ ಜಾಸ್ತಿ ಇಳಿಯಬಾರದು.

ಮೊದಲ ಗಂಟೆ 1 ಲೀಟರ್ ಎನ್‌ಎಸ್, ಆಮೇಲೆ ಗಂಟೆಗೆ 500 ಎಂಎಲ್ ಎಂದು ಆರ್ಡರ್ ಬಂತು. ಪೊಟ್ಯಾಶಿಯಂ 4.4, ಹಾಗಾಗಿ ಮೂತ್ರ ಬಂದ ಮೇಲೆ ಎರಡನೇ ಲೀಟರಿನಿಂದ ಕೆಸಿಎಲ್. ಇನ್ಸುಲಿನ್ ಸದ್ಯಕ್ಕಿಲ್ಲ. ಕೀಟೋನ್ ಇಲ್ಲದ ಎಚ್‌ಎಚ್‌ಎಸ್‌ನಲ್ಲಿ ಬರೀ ಡ್ರಿಪ್‌ನಿಂದಲೇ ಸಕ್ಕರೆ ಸಾಕಷ್ಟು ಇಳಿಯುತ್ತದೆ. ನೀರು ತುಂಬುವ ಮೊದಲೇ ಇನ್ಸುಲಿನ್ ಕೊಟ್ಟರೆ ಸಕ್ಕರೆಯ ಜೊತೆ ನೀರೂ ರಕ್ತನಾಳ ಬಿಟ್ಟು ಜೀವಕೋಶದೊಳಕ್ಕೆ ಹೋಗಿ ಬಿಪಿ ಕುಸಿಯಬಹುದು. ಕೆಲವು ಪ್ರೋಟೋಕಾಲ್‌ಗಳಲ್ಲಿ ಕಡಿಮೆ ಡೋಸ್ ಇನ್ಸುಲಿನ್ ಬೇಗನೇ ಶುರು ಮಾಡುತ್ತಾರೆ. ಅಲ್ಲಿಯೂ ಡ್ರಿಪ್ ಮೊದಲು, ಇನ್ಸುಲಿನ್ ಆಮೇಲೆ.

ಎರಡು ಗಂಟೆಗೆ ಸಕ್ಕರೆ 720, ಸೋಡಿಯಂ 148. "ಸೋಡಿಯಂ ಏರ್ತಿದೆ, ಎನ್‌ಎಸ್ ನಿಲ್ಲಿಸೋಣವಾ?" ಎಂಬ ಗಾಬರಿ ಶುರುವಾಗುವುದು ಇಲ್ಲೇ. ಲೆಕ್ಕ ಹಾಕಿ: 296 + 40 = 336. ಆಸ್ಮೊಲಾಲಿಟಿ 342ರಿಂದ 336ಕ್ಕೆ, ಗಂಟೆಗೆ 3ರಂತೆ ಇಳಿದಿದೆ. ಸಕ್ಕರೆ ಇಳಿದಾಗ ನೀರು ಜೀವಕೋಶದೊಳಕ್ಕೆ ಮರಳುತ್ತದೆ, ರಕ್ತದಲ್ಲಿ ಸೋಡಿಯಂ ಏರಿದಂತೆ ಕಾಣುತ್ತದೆ. ಇದು ನಿರೀಕ್ಷಿತ. ಡ್ರಿಪ್ ಬದಲಿಸಬೇಕಿಲ್ಲ.

ನಾಲ್ಕು ಗಂಟೆಗೆ ಸಕ್ಕರೆ 576, ಸೋಡಿಯಂ 149. 298 + 32 = 330. ಸರಿಯಾದ ದಾರಿ.

ಆರು ಗಂಟೆಗೆ ಸಕ್ಕರೆ 540, ಸೋಡಿಯಂ 150. 300 + 30 = 330. ನಿಂತುಬಿಟ್ಟಿದೆ. ಈಗ ಡಾಕ್ಟರಿಗೆ ಫೋನ್ ಮಾಡುವ ಮೊದಲು ಇನ್‌ಟೇಕ್ ಔಟ್‌ಪುಟ್ ಚಾರ್ಟ್ ತೆರೆಯಿರಿ. ಹೋಗಬೇಕಿದ್ದದ್ದು 3.5 ಲೀಟರ್. ಹೋಗಿರುವುದು 2.9. ಮೂತ್ರ 1.3. ಒಳಗೆ ಉಳಿದದ್ದು 1.6 ಲೀಟರ್ ಅಷ್ಟೆ. ಆರು ಗಂಟೆಗೆ 2ರಿಂದ 3 ಲೀಟರ್ ಉಳಿದಿರಬೇಕಿತ್ತು. ಕೈ ನೋಡಿದರೆ ಕ್ಯಾನುಲಾ ಮೊಣಕೈ ಮಡಿಕೆಯಲ್ಲಿದೆ. ಅಜ್ಜಿ ಮಂಪರಿನಲ್ಲಿ ಕೈ ಮಡಚಿದಾಗಲೆಲ್ಲ ಡ್ರಿಪ್ ನಿಂತಿದೆ. ಮುಂಗೈಗೆ ಹೊಸ ಕ್ಯಾನುಲಾ ಹಾಕಿದ್ದೇ ಇಲ್ಲಿ ಚಿಕಿತ್ಸೆ. ನೀರು ಸರಿಯಾಗಿ ಹೋಗಿದ್ದೂ ಆಸ್ಮೊಲಾಲಿಟಿ ಇಳಿಯದಿದ್ದರೆ ಆಗ ಡಾಕ್ಟರ್ 0.45% ಸಲೈನ್‌ಗೆ ಬದಲಿಸುತ್ತಾರೆ. ಬ್ಯಾಲೆನ್ಸ್ ಲೆಕ್ಕ ಇಲ್ಲದೆ ಈ ತೀರ್ಮಾನ ಮಾಡಲಾಗುವುದಿಲ್ಲ. ಅದಕ್ಕೇ ಮೂತ್ರವನ್ನು ಗಂಟೆಗೊಮ್ಮೆ ಅಳೆದು ಬರೆಯಬೇಕು. "ಹೋಗಿದೆ" ಎಂದು ಬರೆದರೆ ಉಪಯೋಗವಿಲ್ಲ.

ಎಂಟು ಗಂಟೆಗೆ ಸಕ್ಕರೆ 468, ಸೋಡಿಯಂ 149. 298 + 26 = 324. ಮತ್ತೆ ಇಳಿಯುತ್ತಿದೆ. ಸಕ್ಕರೆಯ ಇಳಿತ ನಿಧಾನವಾದ್ದರಿಂದ ಈಗ ಕೆಜಿಗೆ 0.05, ಅಂದರೆ ಗಂಟೆಗೆ 3 ಯೂನಿಟ್ ಇನ್ಸುಲಿನ್. 250ಕ್ಕೆ ಬಂದಾಗ ಗ್ಲೂಕೋಸ್ ಸೇರಿಸಿ, ಮೊದಲ ದಿನ 200ರಿಂದ 250ರ ಆಸುಪಾಸಿನಲ್ಲೇ ಹಿಡಿದಿಡುವುದು. 120ಕ್ಕೆ ತರುವ ಆಸೆ ಬೇಡ.

ಅಜ್ಜಿಯ ಬೆಡ್ ಪಕ್ಕ ಇನ್ನೇನು ನೋಡಬೇಕು

ಎರಡೂ ಬೆಡ್‌ಗೆ ಗಂಟೆಗೊಮ್ಮೆ ಸಕ್ಕರೆ, ನಾಡಿ, ಬಿಪಿ, ಉಸಿರು, ಆಕ್ಸಿಜನ್, ಪ್ರಜ್ಞೆಯ ಸ್ಕೋರ್, ಮೂತ್ರ. ಎರಡರಿಂದ ನಾಲ್ಕು ಗಂಟೆಗೊಮ್ಮೆ ಎಲೆಕ್ಟ್ರೊಲೈಟ್. ಮಾನಿಟರ್‌ನಲ್ಲಿ ಟಿ ಅಲೆ ಚೂಪಾಗಿ ಎದ್ದರೆ ಪೊಟ್ಯಾಶಿಯಂ ಏರಿರಬಹುದು, ಚಪ್ಪಟೆಯಾದರೆ ಇಳಿದಿರಬಹುದು. ಮೂತ್ರ ಗಂಟೆಗೆ ಕೆಜಿಗೆ 0.5 ಎಂಎಲ್, ಅಜ್ಜಿಗೆ 30 ಎಂಎಲ್ ದಾಟಬೇಕು. ಆದರೆ ಸಕ್ಕರೆ ಜಾಸ್ತಿ ಇರುವಾಗ ಮೂತ್ರ ಹೇಗಿದ್ದರೂ ಹೆಚ್ಚೇ ಹೋಗುತ್ತದೆ. ಮೂತ್ರ ಚೆನ್ನಾಗಿದೆ ಎಂದರೆ ನೀರು ತುಂಬಿದೆ ಎಂದಲ್ಲ. ನಾಲಿಗೆ, ನಾಡಿ, ಬಿಪಿ ಜೊತೆಗಿಟ್ಟು ನೋಡಿ.

ವಯಸ್ಸಾದವರಿಗೆ ಇಷ್ಟು ನೀರು ಹೋಗುವಾಗ ಶ್ವಾಸಕೋಶದಲ್ಲಿ ನೀರು ತುಂಬುವ ಭಯ ಇದ್ದೇ ಇದೆ. ಪ್ರತಿ ಲೀಟರಿನ ನಂತರ ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟು ಕೇಳಿ. ಚರಚರ ಸದ್ದು, ಹೊಸದಾಗಿ ಕೆಮ್ಮು, ಆಕ್ಸಿಜನ್ ಇಳಿತ ಕಂಡರೆ ಡ್ರಿಪ್ ನಿಧಾನ ಮಾಡಿ ತಿಳಿಸಿ.

ರಕ್ತ ಗಟ್ಟಿಯಾಗಿರುವುದರಿಂದ ಹೆಪ್ಪುಗಟ್ಟುವ ಅಪಾಯ ಎಚ್‌ಎಚ್‌ಎಸ್‌ನಲ್ಲಿ ಜಾಸ್ತಿ. ಹೆಪಾರಿನ್ ಜಾತಿಯ ಇಂಜೆಕ್ಷನ್ ಆರ್ಡರ್ ಇಲ್ಲದಿದ್ದರೆ ಕೇಳಿ. ಒಂದು ಕಾಲು ಮಾತ್ರ ಊದಿದೆಯೇ, ತಣ್ಣಗಾಗಿದೆಯೇ ನೋಡಿ. ಸಾಕ್ಸ್ ಬಿಚ್ಚಿ ಹಿಮ್ಮಡಿ ನೋಡುವುದನ್ನು ಮರೆಯಬೇಡಿ. ಅಲ್ಲಾಡದೆ ಮಲಗಿದ ಒಣಗಿದ ದೇಹಕ್ಕೆ ಒಂದೇ ರಾತ್ರಿಯಲ್ಲಿ ಹಿಮ್ಮಡಿ ಕೆಂಪಾಗುತ್ತದೆ. ಎಷ್ಟೋ ಸಲ ಎಲ್ಲಕ್ಕೂ ಮೂಲವಾದ ಹುಣ್ಣು ಕಾಲ್ಬೆರಳ ಸಂದಿಯಲ್ಲೇ ಸಿಗುತ್ತದೆ. ಜ್ವರ ಇಲ್ಲ ಎಂದ ಮಾತ್ರಕ್ಕೆ ಸೋಂಕು ಇಲ್ಲ ಎಂದುಕೊಳ್ಳಬೇಡಿ.

ಡ್ರಿಪ್‌ನಿಂದ ಚುಚ್ಚುಮದ್ದಿಗೆ

ಹದಿನಾಲ್ಕನೇ ಗಂಟೆಗೆ ಹುಡುಗನ ಸಕ್ಕರೆ 180, ಪಿಎಚ್ 7.32, ಬೈಕಾರ್ಬೊನೇಟ್ 18, ಕೀಟೋನ್ 0.5, ಗ್ಯಾಪ್ 11. ಹಸಿವು ಅನ್ನುತ್ತಿದ್ದಾನೆ. ಡಿಕೆಎ ಮುಗಿದಿದೆ. ಆದರೆ ಪಂಪ್ ಆಫ್ ಮಾಡಬೇಡಿ. ರಕ್ತದಲ್ಲಿ ಹೋಗುವ ಇನ್ಸುಲಿನ್ ನಿಂತ ಕೆಲವೇ ನಿಮಿಷದಲ್ಲಿ ಅದರ ಪರಿಣಾಮ ಮುಗಿಯುತ್ತದೆ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಅನ್ನು ಚರ್ಮದಡಿ ಕೊಟ್ಟು, ಒಂದೆರಡು ಗಂಟೆ ಎರಡೂ ಜೊತೆಗೆ ಹೋಗಲಿ, ಆಮೇಲೆ ಪಂಪ್ ನಿಲ್ಲಿಸಿ. ಶಿಫ್ಟ್ ಬದಲಾಗುವ ಹೊತ್ತಿಗೆ ಇದು ಬಂದರೆ ಚುಚ್ಚುಮದ್ದು ಕೊಟ್ಟ ಸಮಯವನ್ನೂ ಪಂಪ್ ನಿಲ್ಲಿಸಬೇಕಾದ ಸಮಯವನ್ನೂ ಪಂಪ್ ಮೇಲೆಯೇ ಬರೆದು ಅಂಟಿಸಿ.

ಮನೆಗೆ ಹೋಗುವ ಮೊದಲು ಅವನಿಗೆ ಹೇಳಬೇಕಾದದ್ದು ಇಷ್ಟು: ಜ್ವರ ಬಂದು ಊಟ ಸೇರದಿದ್ದರೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಬಿಡಬಾರದು. ವಾಂತಿ ಶುರುವಾದರೆ ಕಾಯದೆ ಬರಬೇಕು.

ಅಜ್ಜಿಯ ವಿಷಯದಲ್ಲಿ ಆಸ್ಮೊಲಾಲಿಟಿ 300ಕ್ಕಿಂತ ಕೆಳಗೆ, ಸಕ್ಕರೆ 250ಕ್ಕಿಂತ ಕೆಳಗೆ, ಮೂತ್ರ ಸರಿಯಾಗಿ, ಪ್ರಜ್ಞೆ ಮೊದಲಿನ ಹಾಗೆ, ಇಷ್ಟೂ ಆಗಬೇಕು. ಅದು ಒಂದು ದಿನದಲ್ಲಿ ಆಗುವುದಿಲ್ಲ, ಮೂರು ದಿನವೂ ಹಿಡಿಯಬಹುದು. ಅಂಕಿಗಳು ಸರಿಹೋದ ಮೇಲೂ ಮಂಕು ಸ್ವಲ್ಪ ಕಾಲ ಉಳಿಯುತ್ತದೆ. "ಮೊದಲಿನ ಹಾಗೆ" ಅಂದರೆ ಹೇಗೆ ಎಂದು ಮಗಳನ್ನೋ ಸೊಸೆಯನ್ನೋ ಕೇಳಿ ಮೊದಲ ದಿನವೇ ಚಾರ್ಟ್‌ನಲ್ಲಿ ಬರೆದಿಡಿ: ಅಜ್ಜಿ ತಾವೇ ಅಡುಗೆ ಮಾಡುತ್ತಿದ್ದರೇ, ಮೊಮ್ಮಕ್ಕಳ ಹೆಸರು ಹೇಳುತ್ತಿದ್ದರೇ, ಇಲ್ಲ ಮೊದಲಿಂದಲೂ ಮರೆವು ಇತ್ತೇ. ಬಾಯಿಗೆ ನೀರು ಕೊಡುವ ಮುನ್ನ ಕೂರಿಸಿ, ಒಂದು ಚಮಚ ಕುಡಿಸಿ, ಕೆಮ್ಮದೆ ನುಂಗುತ್ತಾರೆಯೇ ನೋಡಿ. ನುಂಗುವುದು ಖಚಿತವಾದ ಮೇಲೆ ಊಟ, ಊಟದ ಜೊತೆ ಚುಚ್ಚುಮದ್ದು, ಕೊನೆಗೆ ಡ್ರಿಪ್ ತೆಗೆಯುವುದು.